ಬಾಡಿಗೆ ಮನೆಗೆ ನಾಯಿ: ಷರತ್ತಿನ ಒಪ್ಪಿಗೆ ಬರೆಯುವ ಬಗೆ

"ಮೇಡಂ, ಮನೆಯಲ್ಲಿ ಒಂದು ನಾಯಿ ಇಟ್ಟುಕೊಳ್ಳಬಹುದಾ?" ಎಂಬ ಒಂದು ಸಾಲಿನ ಸಂದೇಶಕ್ಕೆ ಮನೆ ಮಾಲೀಕರು ಸಾಮಾನ್ಯವಾಗಿ ಕೊಡುವ ಉತ್ತರ ಎರಡೇ. ಒಂದು, "ನೋಡೋಣ". ಇನ್ನೊಂದು, "ಆಯ್ತು, ಆದ್ರೆ ಯಾರಿಗೂ ತೊಂದರೆ ಆಗಬಾರದು". ಎರಡೂ ಕೇಳಲು ಸೌಮ್ಯವಾಗಿವೆ, ಮುಂದಿನ ಜಗಳದ ಬೀಜವೂ ಎರಡರಲ್ಲೂ ಇದೆ. "ನೋಡೋಣ" ಅಂದವರ ಮನೆಗೆ ಎರಡು ವಾರದಲ್ಲಿ ನಾಯಿ ಬಂದಿರುತ್ತದೆ. ಬಾಡಿಗೆದಾರರು ಅದನ್ನು ಒಪ್ಪಿಗೆ ಅಂದುಕೊಂಡಿರುತ್ತಾರೆ, ಮಾಲೀಕರು ಬೇಡ ಅಂದೆ ಅಂದುಕೊಂಡಿರುತ್ತಾರೆ. ನಾಯಿ ಇರುವುದು ಗೊತ್ತಿದ್ದೂ ತಿಂಗಳುಗಟ್ಟಲೆ ಸುಮ್ಮನೆ ಬಾಡಿಗೆ ತೆಗೆದುಕೊಂಡ ಮೇಲೆ "ನಾನು ಒಪ್ಪೇ ಇರಲಿಲ್ಲ" ಎಂದು ಎದ್ದು ನಿಂತರೆ ಆ ಮಾತಿಗೆ ಬಲ ಕಡಿಮೆ. "ಯಾರಿಗೂ ತೊಂದರೆ ಆಗಬಾರದು" ಎನ್ನುವುದಂತೂ ಷರತ್ತೇ ಅಲ್ಲ, ಆಸೆ. ಎಷ್ಟಾದರೆ ತೊಂದರೆ, ಅದನ್ನು ಯಾರು ತೀರ್ಮಾನಿಸಬೇಕು, ತೊಂದರೆಯಾದರೆ ಏನು ಮಾಡಬೇಕು ಎಂಬ ಯಾವುದಕ್ಕೂ ಅದರಲ್ಲಿ ಉತ್ತರವಿಲ್ಲ.

ನನ್ನ ಫ್ಲ್ಯಾಟಿನಲ್ಲಿರುವ ದಂಪತಿಯಿಂದ ಇಂಥದೇ ಸಂದೇಶ ಬಂದಾಗ ನಾನು ಅವತ್ತೇ ಕಳಿಸಿದ್ದು ಇಷ್ಟು: "ನಿಮ್ಮ ಸಂದೇಶ ನೋಡಿದೆ. ನನಗೆ ತಾತ್ವಿಕವಾಗಿ ಅಡ್ಡಿಯಿಲ್ಲ. ಕೆಲವು ವಿಷಯ ತಿಳಿದುಕೊಂಡು ಒಂದು ವಾರದೊಳಗೆ ಲಿಖಿತವಾಗಿ ಉತ್ತರಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ನಾಯಿಯನ್ನು ಕರೆತರಬೇಡಿ." ಕೊನೆಯ ವಾಕ್ಯ ಸ್ವಲ್ಪ ಬಿಗಿಯಾಗಿ ಕಾಣಬಹುದು. ಆದರೆ ಉತ್ತರ ಬರುವ ಮೊದಲೇ ನಾಯಿ ಬಂದುಬಿಟ್ಟರೆ ಆಮೇಲೆ ಷರತ್ತು ಹಾಕುವುದು ಎಂದರೆ ಹೆಚ್ಚುಕಡಿಮೆ ಅದನ್ನು ಹೊರಗೆ ಹಾಕಿ ಎಂದು ಬೆದರಿಸಿದಂತೆ. ಅಲ್ಲಿಂದ ಸಭ್ಯ ಮಾತುಕತೆ ಸಾಧ್ಯವಿಲ್ಲ.

ಆ ವಾರದಲ್ಲಿ ಮೊದಲು ನೋಡಬೇಕಾದದ್ದು, ಈ ಒಪ್ಪಿಗೆ ಕೊಡುವ ಅಧಿಕಾರ ನನಗಿದೆಯೇ ಎನ್ನುವುದನ್ನು. ಫ್ಲ್ಯಾಟ್ ನನ್ನದಾದರೂ ಲಿಫ್ಟು, ಮೆಟ್ಟಿಲು, ಅಂಗಳ ಎಲ್ಲರವು. ಕಟ್ಟಡದ ನಿಯಮಗಳಲ್ಲಿ ಸಾಕುಪ್ರಾಣಿಗಳ ಬಗ್ಗೆ ಏನಿದೆ, ನಿವಾಸಿಗಳ ಸಂಘಕ್ಕೆ ತಿಳಿಸಬೇಕೇ, ನೋಂದಣಿ ಮಾಡಿಸಬೇಕೇ ಎಂದು ಓದಿಕೊಂಡೆ. ನನಗೇ ಇಲ್ಲದ ಹಕ್ಕನ್ನು ನಾನು ಬಾಡಿಗೆದಾರರಿಗೆ ದಾಟಿಸಲಾಗದು. ಸ್ಥಳೀಯ ಕಾನೂನು ಮಾಲೀಕರ ಕೈಯನ್ನು ಎಷ್ಟು ಕಟ್ಟುತ್ತದೆ ಎಂಬುದನ್ನೂ ನೋಡಬೇಕು. ಮುಖ್ಯವಾಗಿ, ದೃಷ್ಟಿಯಿಲ್ಲದವರಿಗೆ ದಾರಿ ತೋರುವ ನಾಯಿಯಂಥ ಸಹಾಯಕ ನಾಯಿಗಳನ್ನು ಅನೇಕ ದೇಶಗಳ ಕಾನೂನು ಸಾಕುಪ್ರಾಣಿ ಎಂದು ಎಣಿಸುವುದಿಲ್ಲ. ಅಲ್ಲಿ "ಅನುಮತಿ" ಎಂಬ ಮಾತೇ ಬೇರೆ ಆಗುತ್ತದೆ.

ಆಮೇಲೆ ಪ್ರಶ್ನೆಗಳು. ನಾಯಿಯ ವಯಸ್ಸೆಷ್ಟು, ತೂಕ ಸುಮಾರಾಗಿ ಎಷ್ಟು, ಗಂಡೋ ಹೆಣ್ಣೋ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ಲಸಿಕೆ ಕಾರ್ಡ್ ಇದೆಯೇ, ಈವರೆಗೆ ಎಲ್ಲಿ ಬೆಳೆದಿದೆ, ದಿನದಲ್ಲಿ ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ನೀವು ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ತಳಿ ಯಾವುದು ಎಂದೂ ಕೇಳಿದೆ, ಆದರೆ ಅದಕ್ಕೆ ಹೆಚ್ಚು ತೂಕ ಕೊಡಲಿಲ್ಲ. ಇಷ್ಟು ಕಿಲೋ ಮೀರಬಾರದು ಎಂಬ ನಿಯಮ ಬಹಳ ಜನರಿಗೆ ಇಷ್ಟ. ನನ್ನ ಮಟ್ಟಿಗೆ ಅದು ತಪ್ಪು ಅಳತೆಗೋಲು. ಗ್ರೇಹೌಂಡ್‌ನಂಥ ಎತ್ತರದ ನಾಯಿ ದಿನದ ಬಹುಪಾಲು ಸೋಫಾ ಮೇಲೆ ಮಲಗಿ ಕಳೆಯಬಹುದು, ಕೈಚೀಲದಲ್ಲಿ ಹಿಡಿಸುವ ಟೆರಿಯರ್ ಲಿಫ್ಟಿನ ಪ್ರತಿ ಸದ್ದಿಗೂ ಉತ್ತರ ಕೊಡಬಹುದು. ಮನೆಗೂ ನೆರೆಯವರಿಗೂ ಏನಾಗುತ್ತದೆ ಎನ್ನುವುದು ತೂಕಕ್ಕಿಂತ ವಯಸ್ಸು, ಅಭ್ಯಾಸ ಮತ್ತು ಒಂಟಿಯಾಗಿರುವ ಹೊತ್ತು ಇವುಗಳ ಮೇಲೆ ನಿಂತಿದೆ.

ಬಂದ ಉತ್ತರ ಚೆನ್ನಾಗಿತ್ತು. ನಾಯಿಯ ಹೆಸರು ಚುಕ್ಕಿ. ಮಿಶ್ರ ತಳಿ, ಹೆಣ್ಣು, 4 ವರ್ಷ, ಸುಮಾರು 16 ಕಿಲೋ, ಶಸ್ತ್ರಚಿಕಿತ್ಸೆ ಆಗಿದೆ. ಬಾಡಿಗೆದಾರರ ತಾಯಿ ಸಾಕಿದ್ದು. ಅವರಿಗೆ ಈಗ ಮಂಡಿನೋವಿನಿಂದ ಅದನ್ನು ಹೊರಗೆ ಕರೆದೊಯ್ಯಲು ಆಗುತ್ತಿಲ್ಲ. ಅಂಗಳವಿದ್ದ ಮನೆಯಲ್ಲಿ ಬೆಳೆದದ್ದು, ಒಳಗೆ ಗಲೀಜು ಮಾಡುವ ಅಭ್ಯಾಸವಿಲ್ಲ. ಗಂಡ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ.

ಮರಿಯಾಗಿದ್ದರೆ ನನ್ನ ಪತ್ರ ಬೇರೆಯೇ ಆಗುತ್ತಿತ್ತು. ಮರಿ ತನ್ನ ವಯಸ್ಸಿನ ಒಂದೊಂದು ತಿಂಗಳಿಗೆ ಸುಮಾರು ಒಂದೊಂದು ಗಂಟೆ ಮೂತ್ರ ತಡೆಯಬಲ್ಲದು ಎನ್ನುವುದು ಸಾಕುವವರ ಒರಟು ಲೆಕ್ಕ. ಹಾಗಾದರೆ ಮೂರು ತಿಂಗಳ ಮರಿಗೆ ಮೂರು ಗಂಟೆ. ಇಬ್ಬರೂ ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಯಲ್ಲಿ ಮರಿ ನೆಲದ ಮೇಲೆ ಉಚ್ಚೆ ಹೊಯ್ಯಬಾರದು ಎಂದು ಷರತ್ತು ಬರೆದರೆ ಅದು ಪ್ರಕೃತಿಗೆ ನೋಟಿಸ್ ಕೊಟ್ಟ ಹಾಗೆ. ಅಲ್ಲಿ ಕೇಳಬೇಕಾದದ್ದು ಮಧ್ಯಾಹ್ನ ಯಾರಿರುತ್ತಾರೆ ಎಂದು. ಚುಕ್ಕಿಯ ವಿಷಯದಲ್ಲಿ ನನ್ನ ಚಿಂತೆ ಬೇರೆ ಎರಡು ಕಡೆ ಇತ್ತು: ಅಂಗಳ ಬಿಟ್ಟು ಮೂರನೇ ಮಹಡಿಗೆ ಬರುವ ನಾಯಿ ಒಂಟಿಯಾದಾಗ ಏನು ಮಾಡುತ್ತದೆ, ಮತ್ತು ಮಲಗುವ ಕೋಣೆಯ ಲ್ಯಾಮಿನೇಟ್ ನೆಲ.

ಮೊದಲು ಸದ್ದಿನ ವಿಷಯ. ಕೆಳಗಿನ ಮನೆಯವರು ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿ ಹಗಲು ಮಲಗುವವರು. "ನಾಯಿ ಬೊಗಳಬಾರದು" ಎಂದು ಬರೆದ ಒಪ್ಪಂದಗಳನ್ನು ನಾನು ನೋಡಿದ್ದೇನೆ. ಅದನ್ನು ಯಾವ ನಾಯಿಯೂ ಪಾಲಿಸಲಾರದು. ಪಾಲಿಸಲಾಗದ ಷರತ್ತನ್ನು ಮೊದಲ ದಿನವೇ ಮುರಿಯಬೇಕಾಗುತ್ತದೆ, ಒಂದು ಮುರಿದ ಮೇಲೆ ಉಳಿದವುಗಳ ಮೇಲಿನ ಗೌರವವೂ ಹೋಗುತ್ತದೆ. ಕರೆಗಂಟೆ ಬಡಿದಾಗ ನಾಲ್ಕು ಸಲ ಬೊಗಳಿ ಸುಮ್ಮನಾಗುವುದು ಬೇರೆ. ಯಾರೂ ಇಲ್ಲದಾಗ ಒಂದೇ ಸಮನೆ ಊಳಿಡುವುದು ಬೇರೆ. ನೆರೆಯವರು ಎರಡನೆಯದಕ್ಕೇ ಕಂಗಾಲಾಗುತ್ತಾರೆ. ತಮಾಷೆಯೆಂದರೆ ಅದು ಸಾಕಿದವರ ಕಿವಿಗೆ ಮಾತ್ರ ಎಂದೂ ಬೀಳುವುದಿಲ್ಲ. "ನಮ್ಮ ನಾಯಿ ಬೊಗಳುವುದೇ ಇಲ್ಲ" ಎಂದು ಅವರು ಹೇಳುವಾಗ ಸುಳ್ಳು ಹೇಳುತ್ತಿರುವುದಿಲ್ಲ, ಅವರು ಮನೆಯಲ್ಲಿದ್ದಾಗ ಅದು ನಿಜವಾಗಿಯೂ ಬೊಗಳುವುದಿಲ್ಲ.

ಮನೆಯವರು ಬಿಟ್ಟು ಹೊರಟಾಗ ಕೆಲವು ನಾಯಿಗಳಿಗೆ ಗಾಬರಿ ಹತ್ತುತ್ತದೆ. ಜಾಗ ಅಥವಾ ಸಾಕುವವರು ಬದಲಾದ ಹೊಸದರಲ್ಲಿ ಇದು ಹೆಚ್ಚು. ಗುರುತಿಸುವುದು ಕಷ್ಟವಲ್ಲ. ಗಾಬರಿಯ ನಾಯಿ ಬಾಗಿಲು ಮುಚ್ಚಿದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಶುರುಮಾಡುತ್ತದೆ: ಅತ್ತಿಂದಿತ್ತ ಓಡಾಟ, ಏದುಸಿರು, ಜೊಲ್ಲು, ಕುಂಯ್‌ಗುಟ್ಟುವುದು, ಆಮೇಲೆ ಊಳು. ಅದು ಕೆರೆಯುವುದು ನೀವು ಹೊರಹೋದ ಬಾಗಿಲನ್ನೇ. ಚೌಕಟ್ಟಿನ ಕೆಳಭಾಗದಲ್ಲಿ ಉಗುರಿನ ಗೀರು, ಒದ್ದೆಯಾದ ಮರ ಕಾಣುತ್ತದೆ. ಬೇಸರಕ್ಕೆ ಬೊಗಳುವ ನಾಯಿ ಮೊದಲು ಒಂದು ನಿದ್ದೆ ತೆಗೆಯುತ್ತದೆ, ಆಮೇಲೆ ಕಿಟಕಿಯಾಚೆ ಏನೋ ಕಂಡು ಬೊಗಳುತ್ತದೆ, ಸಿಕ್ಕಿದ ಚಪ್ಪಲಿ ಅಗಿಯುತ್ತದೆ. ಹಳೆಯ ಫೋನೊಂದನ್ನು ಬಾಗಿಲ ಕಡೆ ಮುಖಮಾಡಿಟ್ಟು ಮೊದಲ ಒಂದು ಗಂಟೆ ರೆಕಾರ್ಡ್ ಮಾಡಿದರೆ ಯಾವುದು ಎಂದು ತಿಳಿಯುತ್ತದೆ. ಬೇಸರಕ್ಕೆ ಬೆಳಗಿನ ಉದ್ದ ನಡಿಗೆ, ಅಗಿಯುವ ಆಟಿಕೆ, ಎಳೆದ ಪರದೆ ಸಾಕಾಗಬಹುದು. ಗಾಬರಿಗೆ ಅಷ್ಟು ಸಾಲದು. ಐದು ನಿಮಿಷ, ಹತ್ತು ನಿಮಿಷ ಎಂದು ಒಂಟಿಯಾಗಿರುವುದನ್ನು ನಿಧಾನಕ್ಕೆ ರೂಢಿಮಾಡಿಸಬೇಕು, ಹೆಚ್ಚಿದ್ದರೆ ಪಶುವೈದ್ಯರ ಸಹಾಯ ಬೇಕು. ಹಾಗಾಗಿ ನಾನು ಬೊಗಳುವಿಕೆಯ ಮೇಲೆ ಷರತ್ತು ಹಾಕುವ ಬದಲು ಒಂಟಿಯಾಗಿರುವ ಹೊತ್ತಿನ ಮೇಲೆ ಹಾಕಿದೆ. ಅದು ಅವರ ಕೈಯಲ್ಲಿರುವ ಸಂಗತಿ.

ಇನ್ನು ನೆಲ. ಲ್ಯಾಮಿನೇಟ್ ಹಲಗೆಯ ಮೇಲ್ಪದರ ಗಟ್ಟಿ, ಉಗುರಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ತೊಂದರೆ ಇರುವುದು ಎರಡು ಹಲಗೆ ಸೇರುವ ಸಂದಿಯಲ್ಲಿ. ಒಳಗಿರುವುದು ಒತ್ತಿ ಕೂಡಿಸಿದ ಮರದ ನಾರು. ಸಂದಿಗೆ ಇಳಿದ ದ್ರವವನ್ನು ಅದು ಹೀರಿಕೊಂಡು ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಗಟ್ಟಿ ಮರದ ನೆಲವಾದರೆ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು, ಇದಕ್ಕೆ ಆ ದಾರಿಯಿಲ್ಲ, ಹಲಗೆಯನ್ನೇ ಬದಲಿಸಬೇಕು. ಬರಿಗಾಲಲ್ಲಿ ನಡೆದರೆ ಅಂಚು ಎದ್ದಿರುವುದು ಪಾದಕ್ಕೆ ತಿಳಿಯುತ್ತದೆ, ಟಾರ್ಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ ಕಣ್ಣಿಗೂ ಕಾಣುತ್ತದೆ.

ಒರೆಸುವುದರಲ್ಲೂ ಒಂದು ಸೂಕ್ಷ್ಮವಿದೆ. ಅಮೋನಿಯಾ ಇರುವ ನೆಲ ಒರೆಸುವ ದ್ರಾವಣ ಬಳಸಬಾರದು. ಮೂತ್ರದ ಯೂರಿಯಾ ಒಡೆದು ಆಗುವುದೂ ಅಮೋನಿಯಾವೇ, ನಾಯಿಯ ಮೂಗಿಗೆ ಆ ಜಾಗ ಶೌಚದ ಜಾಗದಂತೆಯೇ ತೋರಿ ಮತ್ತೆ ಅಲ್ಲೇ ಹೊಯ್ಯಬಹುದು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ ವಾಸನೆಯ ಮೂಲವನ್ನೇ ಒಡೆಯುತ್ತದೆ. ಆದರೆ ಅದನ್ನು ಸುರಿದು ತಕ್ಷಣ ಒರೆಸಿದರೆ ಪ್ರಯೋಜನವಿಲ್ಲ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು.

ಹೆಚ್ಚುವರಿ ಡಿಪಾಸಿಟ್ ಕೇಳಬೇಕೇ? ಬಹಳ ಜನ ಕೇಳುತ್ತಾರೆ. ಕೆಲವು ಕಡೆ ಕಾನೂನು ಡಿಪಾಸಿಟ್‌ಗೆ ಮಿತಿ ಹಾಕಿರುವುದರಿಂದ ಕೇಳುವ ಮುನ್ನ ಅದನ್ನು ನೋಡಿಕೊಳ್ಳಬೇಕು. ನಾನು ಕೇಳಲಿಲ್ಲ. "ನಾಯಿ ಡಿಪಾಸಿಟ್" ಎಂದು ಬೇರೆ ಹಣ ಇಟ್ಟುಕೊಂಡರೆ ಕೊಟ್ಟವರಿಗೆ ಹಾನಿಗೆ ಮುಂಗಡ ಕೊಟ್ಟೆವು ಎಂಬ ಭಾವನೆ ಬರುತ್ತದೆ, ಇಟ್ಟುಕೊಂಡವರಿಗೆ ಅಷ್ಟೂ ತಮ್ಮದೇ ಎಂಬ ಭಾವನೆ. ಇರುವ ಡಿಪಾಸಿಟ್ಟೇ ಸಾಕು, ಹಾನಿ ಹಾನಿಯೇ. ಆದರೆ ಸವೆತ ಯಾವುದು, ಹಾನಿ ಯಾವುದು ಎಂದು ಮೊದಲೇ ಹೇಳಿಕೊಳ್ಳದಿದ್ದರೆ ಮನೆ ಬಿಡುವ ದಿನ ವಾದ ಖಂಡಿತ. ನಡೆದಾಡುವ ದಾರಿಯಲ್ಲಿ ಬಿದ್ದ ತೆಳು ಉಗುರುಗೆರೆ ಸವೆತ. ಕೆರೆದು ಬಣ್ಣ ಎದ್ದ ಬಾಗಿಲು, ಉಬ್ಬಿದ ಹಲಗೆ, ಅಗಿದ ಚೌಕಟ್ಟು ಹಾನಿ. ಇದಕ್ಕೆ ನಾಯಿ ಬರುವ ಮೊದಲಿನ ಫೋಟೋ ಬೇಕು. ಕೋಣೆಯ ಮಧ್ಯೆ ನಿಂತು ತೆಗೆದ ಚಂದದ ಫೋಟೋ ಅಲ್ಲ, ಬಾಗಿಲಿನ ಕೆಳ ಅರ್ಧ, ಗೋಡೆಯಡಿಯ ಪಟ್ಟಿ, ಬಾಲ್ಕನಿಯ ಹೊಸ್ತಿಲು, ಮೂಲೆಗಳು. ನಾಯಿಯ ಎತ್ತರಕ್ಕೆ ಬಗ್ಗಿ ತೆಗೆಯಬೇಕು.

ಜನ ಮರೆಯುವ ಒಂದು ಷರತ್ತಿದೆ, ಚಿಗಟದ್ದು. ಚಿಗಟದ ಹುಳು ತನ್ನ ಸುತ್ತ ಕೋಶ ಕಟ್ಟಿಕೊಂಡು ಕಾರ್ಪೆಟ್ಟಿನ ಬುಡದಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರಬಲ್ಲದು. ಮನೆ ಖಾಲಿಯಿದ್ದಾಗ ಏನೂ ಕಾಣುವುದಿಲ್ಲ. ಹೊಸಬರು ಬಂದು ಓಡಾಡತೊಡಗಿದ ಮೇಲೆ ನಡಿಗೆಯ ಕಂಪನ, ಮೈಯ ಶಾಖ, ಉಸಿರು ಇವು ಅದನ್ನು ಎಬ್ಬಿಸುತ್ತವೆ. ನಾಯಿಯನ್ನೇ ಸಾಕದವರ ಕಾಲಿಗೆ ಮೊದಲ ವಾರವೇ ಚಿಗಟ ಕಚ್ಚುವುದು ಹೀಗೆ. ಒಮ್ಮೆ ಔಷಧಿ ಹೊಡೆಸಿದರೂ ಕೋಶದೊಳಗಿನದು ಬದುಕುಳಿಯಬಹುದು, ಹಾಗಾಗಿ ವ್ಯಾಕ್ಯೂಮ್ ಮಾಡಿ, ಹೊಡೆಸಿ, ಆಮೇಲೂ ಕೆಲವು ದಿನ ವ್ಯಾಕ್ಯೂಮ್ ಮುಂದುವರಿಸಬೇಕು. ನಾಯಿಗೆ ನಿಯಮಿತವಾಗಿ ಚಿಗಟ-ಉಣ್ಣೆಯ ಔಷಧಿ ಹಾಕುತ್ತಿದ್ದರೆ ಇದು ಬಹುಮಟ್ಟಿಗೆ ಬರುವುದೇ ಇಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರ ಇದು. ಒಪ್ಪಿಗೆಯನ್ನು ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಷರತ್ತುಗಳನ್ನೆಲ್ಲ ಓದಿಸಿ ಕೊನೆಗೆ "ಆಗಬಹುದು" ಎಂದರೆ ಓದುವವರು ಅಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತಾರೆ.

"ನಮಸ್ಕಾರ. ಚುಕ್ಕಿಯನ್ನು ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳಲು ನನ್ನ ಒಪ್ಪಿಗೆ ಇದೆ. ಮೊದಲೇ ಕೇಳಿದ್ದಕ್ಕೆ, ಕೇಳಿದ್ದಕ್ಕೆಲ್ಲ ಬಿಡಿಸಿ ಉತ್ತರಿಸಿದ್ದಕ್ಕೆ ವಂದನೆ. ಕೆಳಗಿನವು ನನ್ನ ಷರತ್ತುಗಳು. ಯಾವುದಾದರೂ ಪಾಲಿಸಲು ಕಷ್ಟ ಎನಿಸಿದರೆ ಸಹಿ ಮಾಡುವ ಮೊದಲೇ ಹೇಳಿ, ಮಾತಾಡೋಣ.

"ಈ ಒಪ್ಪಿಗೆ ಚುಕ್ಕಿ ಒಂದಕ್ಕೆ ಮಾತ್ರ. ಇನ್ನೊಂದು ನಾಯಿ ತರುವುದಾದರೆ, ಅಥವಾ ಸ್ನೇಹಿತರ ನಾಯಿಯನ್ನು ಕೆಲವು ದಿನ ನೋಡಿಕೊಳ್ಳುವುದಾದರೆ, ಮತ್ತೆ ಕೇಳಿ.

"ಕರೆತರುವ ಮೊದಲು ರೇಬೀಸ್ ಮತ್ತು ಇತರ ಲಸಿಕೆಗಳ ಕಾರ್ಡಿನ ಪ್ರತಿ ಕಳಿಸಿ. ಮುಂದೆ ಕಾರ್ಡಿನಲ್ಲಿರುವ ದಿನಾಂಕದಂತೆ ಹಾಕಿಸಿದಾಗಲೆಲ್ಲ ಒಂದು ಫೋಟೋ ಕಳಿಸಿದರೆ ಸಾಕು. ಚಿಗಟ-ಉಣ್ಣೆಯ ಔಷಧಿಯನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಹಾಕಿ. ಸ್ಥಳೀಯ ಆಡಳಿತದಲ್ಲಿ, ನಿವಾಸಿಗಳ ಸಂಘದಲ್ಲಿ ನೋಂದಣಿ ಬೇಕಿದ್ದರೆ ಅದು ನಿಮ್ಮ ಜವಾಬ್ದಾರಿ.

"ಮೊದಲ ಎರಡು ವಾರ ಒಂದೇ ಸಲಕ್ಕೆ 2 ಗಂಟೆಗಿಂತ ಹೆಚ್ಚು, ಆಮೇಲೆ 5 ಗಂಟೆಗಿಂತ ಹೆಚ್ಚು ಚುಕ್ಕಿಯನ್ನು ಒಂಟಿಯಾಗಿ ಬಿಡಬೇಡಿ. ನೀವಿಲ್ಲದಾಗ ಬಾಲ್ಕನಿಯಲ್ಲಿ ಬಿಡಬೇಡಿ. ಒಂಟಿಯಿದ್ದಾಗ ಬಿಡದೆ ಬೊಗಳುತ್ತಿದೆ ಎಂದು ನೆರೆಯವರು ಹೇಳಿದರೆ ನಾನು ನಿಮಗೆ ತಿಳಿಸುತ್ತೇನೆ. ನೀವು ಒಂದು ದಿನ ರೆಕಾರ್ಡ್ ಮಾಡಿ ನೋಡಿ, ಏನು ಮಾಡುತ್ತೀರಿ ಎಂದು ಒಂದು ವಾರದಲ್ಲಿ ಹೇಳಿ.

"ಲಿಫ್ಟು, ಮೆಟ್ಟಿಲು, ಅಂಗಳದಲ್ಲಿ ಬೆಲ್ಟ್ ಹಿಡಿದೇ ಇರಿ. ಹೇಲು ಬಿದ್ದರೆ ಆಗಲೇ ಎತ್ತಿ. ಬಾಲ್ಕನಿ ತೊಳೆದ ನೀರು ಕೆಳಗಿನ ಮನೆಗೆ ಇಳಿಯದಂತೆ ನೋಡಿಕೊಳ್ಳಿ. ಚುಕ್ಕಿಯಿಂದ ಯಾರಿಗಾದರೂ ಗಾಯವಾದರೆ, ಯಾರದಾದರೂ ವಸ್ತು ಹಾಳಾದರೆ ಅದರ ಹೊಣೆ ನಿಮ್ಮದು. ಅದಕ್ಕೆ ವಿಮೆ ಸಿಗುವುದಾದರೆ ಮಾಡಿಸುವುದು ನಿಮಗೇ ಒಳ್ಳೆಯದು.

"ಮಲಗುವ ಕೋಣೆಯ ನೆಲ ಲ್ಯಾಮಿನೇಟ್. ಒದ್ದೆಯಾದರೆ ಕೂಡಲೇ ಒಣಗಿಸಿ, ಅಮೋನಿಯಾ ಇಲ್ಲದ ದ್ರಾವಣ ಬಳಸಿ. ನಡೆದಾಡಿದ ಸಣ್ಣ ಗೆರೆಗಳನ್ನು ನಾನು ಸವೆತವೆಂದೇ ನೋಡುತ್ತೇನೆ. ಹಲಗೆ ಉಬ್ಬಿದರೆ, ಬಾಗಿಲು-ಚೌಕಟ್ಟು ಕೆರೆದು ಹಾಳಾದರೆ ದುರಸ್ತಿಯ ನಿಜವಾದ ಖರ್ಚು ನಿಮ್ಮದು, ಬಿಲ್ ತೋರಿಸುತ್ತೇನೆ. ಹೆಚ್ಚುವರಿ ಡಿಪಾಸಿಟ್ ಬೇಡ. ಚುಕ್ಕಿ ಬರುವ ಮುನ್ನ ಇಬ್ಬರೂ ಸೇರಿ ಫೋಟೋ ತೆಗೆದಿಟ್ಟುಕೊಳ್ಳೋಣ. ಒಂದು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಮುಂಚಿತವಾಗಿ ತಿಳಿಸಿ ಬಂದು ನೋಡುತ್ತೇನೆ. ಮನೆ ಬಿಡುವಾಗ ಚಿಗಟದ ಔಷಧಿ ಹೊಡೆಸಿ ರಸೀದಿ ಕೊಡಿ.

"ಯಾವುದಾದರೂ ಷರತ್ತು ತಪ್ಪಿದರೆ ಮೊದಲು ಲಿಖಿತವಾಗಿ ತಿಳಿಸಿ ಸರಿಪಡಿಸಲು 14 ದಿನ ಕೊಡುತ್ತೇನೆ. ಆಮೇಲೂ ಹಾಗೇ ಮುಂದುವರಿದರೆ ಒಪ್ಪಿಗೆ ಹಿಂತೆಗೆದುಕೊಳ್ಳಬೇಕಾಗುತ್ತದೆ. ಹಾಗಾದರೂ ಚುಕ್ಕಿಗೆ ಬೇರೆ ವ್ಯವಸ್ಥೆ ಮಾಡಲು ನಿಮಗೆ 30 ದಿನ ಸಮಯವಿರುತ್ತದೆ. ಈ ಪತ್ರ ನಮ್ಮ ಬಾಡಿಗೆ ಕರಾರಿನ ಅನುಬಂಧವಾಗಿರಲಿ. ಎರಡು ಪ್ರತಿ ಕಳಿಸುತ್ತಿದ್ದೇನೆ, ಸಹಿ ಮಾಡಿ ಒಂದನ್ನು ಮರಳಿಸಿ."

ಕೊನೆಯ ಭಾಗ ಬರೆಯುವಾಗ ತುಸು ಹಿಂಜರಿಕೆ ಆಯಿತು. ಒಪ್ಪಿಗೆ ಕೊಡುವ ಪತ್ರದಲ್ಲೇ ಹಿಂತೆಗೆದುಕೊಳ್ಳುವ ಮಾತೇಕೆ ಎನಿಸುತ್ತದೆ. ಆದರೆ ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸಿ: ಕೆಳಗಿನವರು ಸಿಟ್ಟಿನಿಂದ ಫೋನ್ ಮಾಡಿದ ರಾತ್ರಿ ಮಾಲೀಕರು "ನಾಳೆಯೇ ನಾಯಿ ಹೊರಗೆ ಹೋಗಲಿ" ಎನ್ನುತ್ತಾರೆ. ಒಂದು ದಿನದಲ್ಲಿ ಯಾವ ನಾಯಿಗೂ ಒಳ್ಳೆಯ ಮನೆ ಸಿಗುವುದಿಲ್ಲ. ಆ 14 ಮತ್ತು 30 ದಿನಗಳು ಬಾಡಿಗೆದಾರರನ್ನು ಎಷ್ಟು ಕಾಯುತ್ತವೋ ನನ್ನ ಸಿಟ್ಟನ್ನೂ ಅಷ್ಟೇ ತಡೆಯುತ್ತವೆ.

ಮರುದಿನ ಅವರಿಂದ ಒಂದೇ ತಕರಾರು ಬಂತು. ವಾರದಲ್ಲಿ ಎರಡು ದಿನ ಇಬ್ಬರೂ ಆಫೀಸಿಗೆ ಹೋಗುತ್ತಾರೆ, 9 ಗಂಟೆ ಮನೆ ಖಾಲಿ, 5 ಗಂಟೆಯ ಮಾತು ನಡೆಯುವುದಿಲ್ಲ. ಮಧ್ಯಾಹ್ನ ಒಬ್ಬರು ಬಂದು ಚುಕ್ಕಿಯನ್ನು ಅರ್ಧ ಗಂಟೆ ಸುತ್ತಾಡಿಸಿ ಬಿಟ್ಟು ಹೋದರೆ ಆಗಬಹುದೇ ಎಂದು ಕೇಳಿದ್ದರು. ಸಹಿ ಹಾಕಿ ಆಮೇಲೆ ಸದ್ದಿಲ್ಲದೆ ಮುರಿಯುವ ಬದಲು ಹೀಗೆ ಹೇಳಿದ್ದು ನನಗೆ ಲಸಿಕೆ ಕಾರ್ಡಿಗಿಂತ ದೊಡ್ಡ ಭರವಸೆ. ಆದರೆ ಅಲ್ಲಿ ಹೊಸದೊಂದು ಪ್ರಶ್ನೆ ಎದ್ದಿತು, ಮನೆಯ ಕೀಲಿ ಮೂರನೆಯವರ ಕೈಗೆ ಹೋಗುತ್ತದೆ. ಬರುವವರ ಹೆಸರು ಮತ್ತು ಫೋನ್ ನಂಬರ್ ನನಗೆ ಕೊಡಬೇಕು, ಕೀಲಿಯ ನಕಲು ಮಾಡಿಸಬಾರದು, ಆ ವ್ಯಕ್ತಿ ಬದಲಾದರೆ ತಿಳಿಸಬೇಕು ಎಂದು ಸೇರಿಸಿ, "ಒಂಟಿಯಾಗಿ 5 ಗಂಟೆ" ಎಂಬುದನ್ನು "ನಡುವೆ ಯಾರಾದರೂ ಬಂದು ಹೊರಗೆ ಕರೆದೊಯ್ಯದೆ 5 ಗಂಟೆ" ಎಂದು ತಿದ್ದಿದೆ. ಮೊದಲ ಎರಡು ವಾರ ಸರದಿಯಲ್ಲಿ ರಜೆ ಹಾಕುತ್ತೇವೆ ಎಂದು ಅವರೇ ಹೇಳಿದರು. ಪತ್ರದ ಅಂಚಿನಲ್ಲಿ ಆ ತಿದ್ದುಪಡಿ ಬರೆದು ಪಕ್ಕದಲ್ಲಿ ಮೂವರೂ ಸಹಿ ಮಾಡಿದೆವು, ಫೋಟೋ ತೆಗೆಯಲು ಭಾನುವಾರ ಬೆಳಿಗ್ಗೆ ಎಂದು ಗೊತ್ತುಮಾಡಿಕೊಂಡೆವು.